ಒಬ್ಬರಿಗೊಬ್ಬರು ಗೊತ್ತಿಲ್ಲದ ಆರು ಜನರನ್ನು ಊಟಕ್ಕೆ ಕರೆಯೋದು ಹೇಗೆ: ಪಟ್ಟಿಯಿಂದ ಪಾಯಸದವರೆಗೆ

ಮೂರು ವರ್ಷದ ಹಿಂದೆ ನಮ್ಮ ಮನೆಗೆ ಹತ್ತು ಜನರನ್ನು ರಾತ್ರಿ ಊಟಕ್ಕೆ ಕರೆದಿದ್ದೆ. ನಾಲ್ಕು ಜನ ನನ್ನ ಆಫೀಸಿನವರು, ಉಳಿದವರು ಅಕ್ಕಪಕ್ಕದ ಮನೆಯವರು, ಒಬ್ಬಿಬ್ಬರು ನೆಂಟರು. ಬಿಸಿಬಿಸಿ ಪೂರಿ ಹಾಕಬೇಕು ಅಂತ ನಾನು ಒಲೆ ಮುಂದೆ ನಿಂತೆ. ಸುಮಾರು ಮುಕ್ಕಾಲು ಗಂಟೆ ಅಲ್ಲಿಂದ ಕದಲಲಿಲ್ಲ. ಹೊರಗೆ ಹಾಲ್‌ನಲ್ಲಿ ಆಫೀಸಿನ ನಾಲ್ವರು ಆಫೀಸಿನ ಮಾತು ಆಡಿಕೊಂಡು ನಗುತ್ತಿದ್ದರು, ಮಿಕ್ಕವರು ತಟ್ಟೆ ಹಿಡಿದುಕೊಂಡು ಫೋನ್ ನೋಡುತ್ತಿದ್ದರು. ಎದುರು ಮನೆ ಆಂಟಿ ಎಂಟೂಮುಕ್ಕಾಲಿಗೇ "ಹೊರಡ್ತೀನಮ್ಮ, ಊಟ ಚೆನ್ನಾಗಿತ್ತು" ಅಂದರು. ಊಟ ನಿಜವಾಗಿಯೂ ಚೆನ್ನಾಗಿತ್ತು. ಆದರೆ ಅವತ್ತು ಬಂದವರಲ್ಲಿ ಒಬ್ಬರಿಗೂ ಇನ್ನೊಬ್ಬರ ಪರಿಚಯ ಆಗಲಿಲ್ಲ. ಅದು ಇವತ್ತಿಗೂ ನನಗೆ ಬೇಜಾರಿನ ವಿಷಯ.

ಆಮೇಲೆ ಸುಮಾರು ಸಲ ಈ ಥರ ಊಟ ಇಟ್ಟುಕೊಂಡಿದ್ದೇನೆ, ಒಂದೊಂದೇ ಬದಲಾಯಿಸುತ್ತಾ ಬಂದಿದ್ದೇನೆ. ನನಗೆ ಗೊತ್ತಾಗಿದ್ದು ಇಷ್ಟು: ಜನ ಬೆರೆಯೋದು ಬಿಡೋದು ಮುಕ್ಕಾಲು ಪಾಲು ಬಾಗಿಲ ಗಂಟೆ ಬಾರಿಸೋಕೆ ಮುಂಚೆಯೇ ನಿರ್ಧಾರ ಆಗಿರುತ್ತದೆ. ಯಾರನ್ನು ಕರೆದಿರಿ, ಎಲ್ಲಿ ಕೂರಿಸಿದಿರಿ, ಏನು ಅಡುಗೆ ಮಾಡಿದಿರಿ ಅನ್ನೋದರ ಮೇಲೆ. ಮೊನ್ನೆ ಮೊನ್ನೆ ಮಾಡಿದ ಒಂದು ಊಟವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಹೇಳುತ್ತೇನೆ. ಬೆಂಗಳೂರಿನಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟ್, ಶನಿವಾರ ಸಂಜೆ, ಆರು ಜನ ಅತಿಥಿಗಳು, ಜೊತೆಗೆ ನಾನು ಮತ್ತು ನನ್ನ ಗಂಡ.

ಮೊದಲು ಪಟ್ಟಿ, ಆಮೇಲೆ ಗೆರೆ

ಆರು ಜನ ಯಾಕೆ? ಒಂದು ಮಾತಿನಲ್ಲಿ ಆರಾಮಾಗಿ ಸೇರಿಕೊಳ್ಳೋಕೆ ಆಗೋದು ನಾಲ್ಕು ಜನಕ್ಕೆ ಮಾತ್ರ. ಐದನೆಯವರು ಬಂದರೆ ಒಂದೋ ಮಾತು ಎರಡಾಗಿ ಒಡೆಯುತ್ತದೆ, ಇಲ್ಲಾ ಯಾರೋ ಒಬ್ಬರು ಸುಮ್ಮನೆ ಕೇಳುವವರಾಗುತ್ತಾರೆ. ರಾಬಿನ್ ಡನ್‌ಬಾರ್ ಅನ್ನುವ ಬ್ರಿಟಿಷ್ ಸಂಶೋಧಕರು ಮತ್ತು ಅವರ ಜೊತೆಯವರು ಜನ ಗುಂಪುಗೂಡಿ ಮಾತಾಡುವುದನ್ನು ಗಮನಿಸಿ 1995ರಲ್ಲಿ ಇದನ್ನೇ ಬರೆದಿದ್ದರು. ನೀವೂ ಯಾವುದಾದರೂ ಮದುವೆ ಮನೆಯಲ್ಲಿ ನಿಂತು ಎಣಿಸಿ ನೋಡಿ. ಹಾಗಾಗಿ ಎಂಟು ಜನ ಅಂದರೆ ನಾಲ್ಕರ ಎರಡು ಗುಂಪು, ಒಂದೊಂದು ಗುಂಪಿಗೆ ಮನೆಯವರು ಒಬ್ಬೊಬ್ಬರು. ಹತ್ತು ಜನ ಆದರೆ ಮೂರನೇ ಗುಂಪು ಹುಟ್ಟುತ್ತದೆ, ಅದನ್ನು ನೋಡಿಕೊಳ್ಳೋಕೆ ಯಾರೂ ಇರಲ್ಲ. ನೀವು ಮನೆಯಲ್ಲಿ ಒಬ್ಬರೇ ಇದ್ದರೆ ಮೂರು ಅಥವಾ ನಾಲ್ಕು ಜನರನ್ನು ಕರೆಯಿರಿ, ಸಾಕು.

ನನ್ನ ಪಟ್ಟಿ ಹೀಗಿತ್ತು. ಮೇಲಿನ ಮನೆಯಲ್ಲಿ ಒಬ್ಬರೇ ಇರುವ ನಿವೃತ್ತ ಮೇಷ್ಟ್ರು, ಗದಗದ ಕಡೆಯವರು. ಉಡುಪಿಯವಳಾದ ನನ್ನ ಹಳೇ ಸಹೋದ್ಯೋಗಿ, ಬ್ಯಾಂಕಿನಲ್ಲಿ ಕೆಲಸ ಮಾಡುವ ಅವಳ ಗಂಡ. ಬೆಳಗಿನ ವಾಕಿಂಗ್‌ನಲ್ಲಿ ಪರಿಚಯವಾದ ನರ್ಸ್ ಒಬ್ಬರು, ಕೇರಳದವರು, ಕನ್ನಡ ಬರುತ್ತದೆ ಆದರೆ ನಿಧಾನಕ್ಕೆ. ಮೈಸೂರಿನಿಂದ ಬಂದು ಇಲ್ಲೇ ಇರುವ ನನ್ನ ಚಿಕ್ಕಪ್ಪನ ಮಗ, ತಾರಸಿ ತೋಟದ ಹುಚ್ಚು, ಮಾತು ಜಾಸ್ತಿ. ಕೊನೆಗೆ ಕೆಳಗಿನ ಮನೆಯ ಹುಡುಗ, ಕೋಲಾರದವನು, ಮದುವೆ ಫೋಟೋ ತೆಗೆಯುತ್ತಾನೆ, ಬಹಳ ಸಂಕೋಚ.

ಪಟ್ಟಿ ಆದ ಮೇಲೆ ಒಂದು ಹಾಳೆಯಲ್ಲಿ ಆರೂ ಜನರನ್ನು ಸುತ್ತಲೂ ಬರೆಯುತ್ತೇನೆ. ನನ್ನ ಹೆಸರು ಅದರಲ್ಲಿ ಬರೆಯಲ್ಲ. ಇಬ್ಬರ ನಡುವೆ ಏನಾದರೂ ಸಮಾನ ಇದ್ದರೆ ಗೆರೆ ಎಳೆಯುತ್ತೇನೆ. "ಇಬ್ಬರೂ ಒಳ್ಳೆಯವರು", "ಇಬ್ಬರೂ ಓದಿದವರು" ಅನ್ನೋದಕ್ಕೆಲ್ಲ ಗೆರೆ ಇಲ್ಲ. ಹತ್ತು ನಿಮಿಷ ಮಾತಾಡೋಕೆ ಆಗುವಂಥ ವಿಷಯ ಬೇಕು. ಮೇಷ್ಟ್ರು ಆರು ವರ್ಷ ಕೋಲಾರದ ಕಡೆ ಪಾಠ ಮಾಡಿದ್ದರು, ಅಲ್ಲಿಗೆ ಫೋಟೋ ಹುಡುಗನಿಗೆ ಒಂದು ಗೆರೆ. ಆ ಹುಡುಗ ಮದುವೆ ಸೀಸನ್ ಇಲ್ಲದಾಗ ಕೆರೆ ಹಕ್ಕಿಗಳ ಫೋಟೋ ತೆಗೆಯುತ್ತಾನೆ, ಬ್ಯಾಂಕಿನವರು ದಿನಾ ಬೆಳಗ್ಗೆ ಕೆರೆ ಸುತ್ತ ನಡೆಯುವವರು. ನರ್ಸ್ ಬಾಲ್ಕನಿಯಲ್ಲಿ ಕರಿಬೇವು, ಕಾಳುಮೆಣಸು ಬೆಳೆಸಿದ್ದಾರೆ, ನನ್ನ ತಮ್ಮನಿಗೆ ಅದೇ ಬೇಕು. ನರ್ಸ್ ಮತ್ತು ಸಹೋದ್ಯೋಗಿ ಇಬ್ಬರೂ ಹದಿನೆಂಟಕ್ಕೇ ಊರು ಬಿಟ್ಟು ಹಾಸ್ಟೆಲ್ ಸೇರಿದವರು. ತಮ್ಮ ಮತ್ತು ಮೇಷ್ಟ್ರ ನಡುವೆಯೂ ಗೆರೆ ಇದೆ. ಮೇಷ್ಟ್ರ ಮನೆಯವರು ಒಕ್ಕಲುತನದವರು, ಬೀಜದ ವಿಷಯ ಎತ್ತಿದರೆ ಸಾಕು.

ಪ್ರತಿಯೊಬ್ಬರಿಗೂ ಕಡಿಮೆ ಅಂದರೆ ಒಂದು ಗೆರೆ ಇರಬೇಕು, ಎರಡಿದ್ದರೆ ನಿಶ್ಚಿಂತೆ. ಒಂದೂ ಗೆರೆ ಇಲ್ಲದವರು ಪಟ್ಟಿಯಲ್ಲಿದ್ದರೆ ಅವರನ್ನು ಇನ್ನೊಂದು ದಿನ ಕರೆಯಿರಿ. ಇದು ನಿಷ್ಠುರ ಅನ್ನಿಸಬಹುದು, ಆದರೆ ಒಬ್ಬರೇ ಮೂಲೆಯಲ್ಲಿ ಎರಡು ಗಂಟೆ ಕೂರುವುದು ಅವರಿಗೆ ಇನ್ನೂ ಕಷ್ಟ. ಇನ್ನೊಂದು ನಿಯಮವನ್ನು ನಾನು ಯಾವತ್ತೂ ಮುರಿಯಲ್ಲ. ಮೊದಲೇ ಚೆನ್ನಾಗಿ ಪರಿಚಯ ಇರುವವರು ಇಬ್ಬರಿಗಿಂತ ಹೆಚ್ಚು ಇರಬಾರದು. ಒಂದೇ ಆಫೀಸಿನ ಮೂವರು ಬಂದರೆ ಅವರು ತಮಗೆ ಗೊತ್ತಿಲ್ಲದೆಯೇ ಒಂದು ಗೋಡೆ ಕಟ್ಟಿಕೊಳ್ಳುತ್ತಾರೆ. ನಮ್ಮ ಆ ಹತ್ತು ಜನರ ಊಟ ಕೆಟ್ಟಿದ್ದು ಅಲ್ಲಿಯೇ.

ಕರೆಯುವ ಮಾತು

ಹತ್ತು ದಿನ ಮುಂಚೆ ಫೋನ್ ಮಾಡಿ ಕರೆಯುತ್ತೇನೆ, ಎರಡು ದಿನ ಮುಂಚೆ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಹಾಕುತ್ತೇನೆ. ಎಲ್ಲರನ್ನೂ ಸೇರಿಸಿ ಗ್ರೂಪ್ ಮಾಡಲ್ಲ. ಕೇಳದೆ ಒಬ್ಬರ ನಂಬರ್ ಇನ್ನೊಬ್ಬರಿಗೆ ಕೊಟ್ಟ ಹಾಗಾಗುತ್ತದೆ. ಅದೂ ಅಲ್ಲದೆ ಗ್ರೂಪ್‌ನಲ್ಲಿ ಮಾತಾಡುವವರು ಮಾತಾಡಿ, ಸುಮ್ಮನಿರುವವರು ಮೊದಲೇ ಸುಮ್ಮನಾಗಿಬಿಡುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಮೆಸೇಜ್. ಫೋಟೋ ಹುಡುಗನಿಗೆ ಕಳಿಸಿದ್ದು ಇದು:

"ಶನಿವಾರ ಸಂಜೆ 7ಕ್ಕೆ ಬಾ ಪುಟ್ಟ. ಊಟ 8.15ಕ್ಕೆ, 10ರ ಒಳಗೆ ಮುಗಿಸೋಣ. ಒಟ್ಟು ಎಂಟು ಜನ, ಯಾರಿಗೂ ಯಾರ ಪರಿಚಯವೂ ಅಷ್ಟಾಗಿ ಇಲ್ಲ. ಮೇಲಿನ ಮನೆ ಮೇಷ್ಟ್ರು ಬರ್ತಾರೆ, ಅವರು ನಿಮ್ಮ ಕೋಲಾರದ ಕಡೆ ಆರು ವರ್ಷ ಇದ್ದವರು. ದಿನಾ ಕೆರೆ ಹತ್ತಿರ ನಡೆಯೋ ಒಬ್ಬರು ಬರ್ತಾರೆ, ನೀಲಿ ಬಣ್ಣದ ಒಂದು ಹಕ್ಕಿ ಯಾವುದು ಅಂತ ನನ್ನನ್ನ ಕೇಳಿದ್ರು, ನೀನೇ ಹೇಳಬೇಕು. ಏನೂ ತರಬೇಡ. ನೀನು ತಿನ್ನದೇ ಇರೋದು ಏನಾದ್ರೂ ಇದ್ರೆ ಹೇಳು."

ಈ ಮೆಸೇಜಿನಲ್ಲಿ ಮೂರು ಕೆಲಸ ಆಗಿದೆ. ಯಾರಿಗೂ ಯಾರೂ ಗೊತ್ತಿಲ್ಲ ಅಂತ ಮೊದಲೇ ಹೇಳಿದ್ದರಿಂದ "ನಾನೊಬ್ಬನೇ ಹೊರಗಿನವನು" ಅನ್ನುವ ಅಳುಕು ಹೋಗುತ್ತದೆ. ಮುಗಿಯುವ ಹೊತ್ತು ಗೊತ್ತಿರುವುದರಿಂದ ಸಂಕೋಚದವರೂ ಧೈರ್ಯವಾಗಿ ಒಪ್ಪುತ್ತಾರೆ. ಮೂರನೆಯದು, ಬರುವಾಗಲೇ ಅವರ ಕೈಯಲ್ಲಿ ಎರಡು ಮಾತು ಇರುತ್ತದೆ. ಇಬ್ಬರ ಬಗ್ಗೆ ಬರೆದರೆ ಸಾಕು, ಎಲ್ಲರ ಬಗ್ಗೆ ಬರೆದರೆ ಪರೀಕ್ಷೆಗೆ ಓದಿಕೊಂಡು ಬಂದ ಹಾಗಾಗುತ್ತದೆ.

"ವೆಜ್ಜಾ ನಾನ್‌ವೆಜ್ಜಾ" ಅಂತ ಕೇಳಬೇಡಿ, "ಏನು ತಿನ್ನಲ್ಲ" ಅಂತ ಕೇಳಿ. ಶನಿವಾರ ಮಾಂಸ ಮುಟ್ಟದವರಿದ್ದಾರೆ, ಮೊಟ್ಟೆ ತಿಂದರೂ ಅದೇ ಸೌಟು ಬೇಡ ಅನ್ನುವವರಿದ್ದಾರೆ, ಈರುಳ್ಳಿ ಬಿಟ್ಟವರಿದ್ದಾರೆ, ಸಕ್ಕರೆ ಕಾಯಿಲೆ ಇರುವವರಿದ್ದಾರೆ. ಹೊಸಬರ ಮುಂದೆ ಊಟದ ಹೊತ್ತಿಗೆ ಇದನ್ನೆಲ್ಲ ಹೇಳಿಕೊಳ್ಳುವುದು ಯಾರಿಗೂ ಇಷ್ಟ ಆಗಲ್ಲ.

ಮಾಂಸದ ಅಡುಗೆ ನನಗೆ ತುಂಬಾ ಇಷ್ಟ. ಆದರೂ ಇಂಥ ಮೊದಲ ಊಟಕ್ಕೆ ನಾನು ಮಾಡಲ್ಲ. ಒಂದೇ ಮೇಜಿನ ಮೇಲೆ ಎರಡು ಥರದ ಅಡುಗೆ ಇಟ್ಟರೆ ಪಾತ್ರೆ ಆ ಕಡೆ ಈ ಕಡೆ ಆಗುತ್ತದೆ, ಪಾತ್ರೆ ಹಿಂದೆ ಜನರೂ ಆ ಕಡೆ ಈ ಕಡೆ ಆಗುತ್ತಾರೆ. ಡ್ರಿಂಕ್ಸ್ ವಿಷಯವೂ ಅಷ್ಟೇ. ಕುಡಿಯುವವರು ಬಾಲ್ಕನಿ ಸೇರುತ್ತಾರೆ, ಉಳಿದವರು ಒಳಗೆ ಉಳಿಯುತ್ತಾರೆ. ಅಲ್ಲಿಗೆ ಎರಡು ಊಟ ಆಯಿತು. ಪರಿಚಯ ಆದ ಮೇಲೆ ಎರಡನೇ ಸಲಕ್ಕೆ ಅದೆಲ್ಲ ಇರಲಿ.

ಅಡುಗೆ: ಒಲೆ ಮುಂದೆ ನಿಲ್ಲಿಸುವ ಯಾವುದೂ ಬೇಡ

ದೋಸೆ, ಪೂರಿ, ಚಪಾತಿ, ಬಜ್ಜಿ ಇವೆಲ್ಲ ಬಿಸಿ ಇದ್ದರೇ ರುಚಿ. ಅಂದರೆ ಮನೆಯವರಲ್ಲಿ ಒಬ್ಬರು ಊಟ ಮುಗಿಯುವವರೆಗೆ ಅಡುಗೆಮನೆಯಲ್ಲಿ. ನಮ್ಮಲ್ಲಿ ಆ ಒಬ್ಬರು ಸಾಮಾನ್ಯವಾಗಿ ಯಾರು ಅಂತ ಹೇಳಬೇಕಾಗಿಲ್ಲ. "ನೀವು ಕೂತ್ಕೊಳ್ಳಿ, ನಾನು ಆಮೇಲೆ ಮಾಡ್ತೀನಿ" ಅನ್ನುವ ಉಪಚಾರದಲ್ಲಿ ಪ್ರೀತಿ ಇದೆ, ಒಪ್ಪುತ್ತೇನೆ. ಆದರೆ ಎಲ್ಲರನ್ನೂ ಬಲ್ಲವರು ನೀವೊಬ್ಬರೇ. ಎಲ್ಲರ ನಡುವಿನ ಕೊಂಡಿಯೇ ಅಡುಗೆಮನೆಯಲ್ಲಿದ್ದರೆ ಹೊರಗೆ ಇರುವವರು ಬಿಡಿ ಬಿಡಿ ಮಣಿಗಳು.

ಹಾಗಾಗಿ ನನ್ನ ಖಾಯಂ ಅಡುಗೆ ಖಡಕ್ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು, ಹೆಸರುಬೇಳೆ ಕೋಸಂಬರಿ, ಅನ್ನ, ತಿಳಿಸಾರು, ಕೊನೆಗೆ ಪಾಯಸ. ಖಡಕ್ ರೊಟ್ಟಿ ಒಣಗಿದ ರೊಟ್ಟಿ, ವಾರಗಟ್ಟಲೆ ಇಡಬಹುದು, ಬಿಸಿ ಮಾಡುವ ಮಾತೇ ಇಲ್ಲ. ಉತ್ತರ ಕರ್ನಾಟಕದ ತಿಂಡಿ ಅಂಗಡಿಗಳಲ್ಲಿ ಕಟ್ಟು ಕಟ್ಟಾಗಿ ಸಿಗುತ್ತದೆ. ಎಂಟು ಜನಕ್ಕೆ ಇಪ್ಪತ್ತು ರೊಟ್ಟಿ ತಂದೆ, ಮೂರು ಉಳಿಯಿತು. ಎಣ್ಣೆಗಾಯಿಗೆ ಸಣ್ಣ ಬದನೆಕಾಯಿ ಒಂದೂಕಾಲು ಕೆಜಿ, ಒಬ್ಬರಿಗೆ ಮೂರು ಬರುವ ಹಾಗೆ. ಬೆಳಗ್ಗೆಯೇ ಮಾಡಿಟ್ಟರೆ ಸಂಜೆ ಹೊತ್ತಿಗೆ ಮಸಾಲೆ ಒಳಗೆ ಇಳಿದು ಇನ್ನೂ ರುಚಿ ಬರುತ್ತದೆ. ಅಕ್ಕಿ ಮುಕ್ಕಾಲು ಕೆಜಿ ಸಾಕು, ರೊಟ್ಟಿ ತಿಂದ ಮೇಲೆ ಅನ್ನ ಅಷ್ಟು ಹೋಗಲ್ಲ. ಕೋಸಂಬರಿಗೆ ಉಪ್ಪು, ನಿಂಬೆಹಣ್ಣು ಮಾತ್ರ ಕೂರುವ ಮುಂಚೆ ಹಾಕಿ, ಬೇಗ ಹಾಕಿದರೆ ನೀರು ಬಿಡುತ್ತದೆ.

ಖಡಕ್ ರೊಟ್ಟಿಗೆ ಇನ್ನೊಂದು ಗುಣ ಇದೆ. ಹಳೇ ಮೈಸೂರಿನ ಕಡೆಯವರಿಗೆ, ಕರಾವಳಿಯವರಿಗೆ ಅದನ್ನು ಹೇಗೆ ತಿನ್ನಬೇಕು ಅಂತ ಅಷ್ಟು ಗೊತ್ತಿರಲ್ಲ. ಗದಗದ ಮೇಷ್ಟ್ರು ಇದ್ದರಲ್ಲ, ಅವರು ತಾವಾಗಿಯೇ "ಹಂಗಲ್ರೀ, ಮೊದಲು ಮುರೀರಿ, ಮೇಲೆ ಪಲ್ಯ ಹಾಕಿ ಒಂದೀಟು ನೆನೀಲಿ ಬಿಡ್ರಿ" ಅಂತ ತೋರಿಸೋಕೆ ಶುರು ಮಾಡಿದರು. ಪಕ್ಕದಲ್ಲಿದ್ದವರು ಕಲಿತರು. ಬಂದವರಲ್ಲಿ ಯಾರಾದರೊಬ್ಬರಿಗೆ ಚೆನ್ನಾಗಿ ಗೊತ್ತಿರುವ, ಇನ್ನು ಕೆಲವರಿಗೆ ಹೊಸದಾದ ಒಂದು ಅಡುಗೆ ಮೇಜಿನ ಮೇಲಿದ್ದರೆ ಮಾತು ಅದರಿಂದಲೇ ಹೊರಡುತ್ತದೆ.

ಮೊದಲ ಅರ್ಧ ಗಂಟೆ, ಮತ್ತು ಚುರುಮುರಿ

ಇಡೀ ಸಂಜೆಯಲ್ಲಿ ಕಷ್ಟದ ಹೊತ್ತು ಇದೇ. ಏಳಕ್ಕೆ ಅಂದರೆ ಒಬ್ಬರು ಏಳಕ್ಕೆ ಬರುತ್ತಾರೆ, ಇನ್ನೊಬ್ಬರು ಟ್ರಾಫಿಕ್‌ನಲ್ಲಿ ಸಿಕ್ಕಿ ಏಳೂಮುಕ್ಕಾಲಿಗೆ. ಬಂದವರು ಸೋಫಾದ ತುದಿಯಲ್ಲಿ ಕೂತು ನೀರು ಕುಡಿಯುತ್ತಾರೆ, ಗೋಡೆ ನೋಡುತ್ತಾರೆ. ನಾವು ಎಷ್ಟೇ ಉಪಚಾರ ಮಾಡಿದರೂ ಆ ಬಿಗಿ ಹೋಗಲ್ಲ. ಸುಮ್ನೆ ಎದುರುಬದುರು ಕೂತು ಮಾತು ಹುಡುಕೋದು ಯಾರಿಗಾದರೂ ಕಷ್ಟ. ಕೈಗೆ ಕೆಲಸ ಸಿಕ್ಕರೆ ಕಣ್ಣು ಕೆಲಸದ ಮೇಲೆ ಇರುತ್ತದೆ, ಮಾತು ಬಂದಾಗ ಬರುತ್ತದೆ, ಬರದಿದ್ದರೂ ಮುಜುಗರ ಇಲ್ಲ.

ಅದಕ್ಕೆ ನಾನು ಕಂಡುಕೊಂಡ ದಾರಿ ಚುರುಮುರಿ. ಮಂಡಕ್ಕಿ ಕಲಸಿದ ಕೆಲವೇ ನಿಮಿಷಕ್ಕೆ ಮೆತ್ತಗಾಗುತ್ತದೆ, ಆದ್ದರಿಂದ ಮೊದಲೇ ಮಾಡಿಡುವ ಹಾಗಿಲ್ಲ. ಅತಿಥಿಗಳಿಗೆ ಕೆಲಸ ಹಚ್ಚಲು ಇದು ನೆಪ ಅಲ್ಲ, ನಿಜವಾದ ಕಾರಣ, ಅವರಿಗೂ ಅದು ಗೊತ್ತಾಗುತ್ತದೆ. ಎಂಟು ಜನಕ್ಕೆ ಮಂಡಕ್ಕಿ 200 ಗ್ರಾಂ, ಈರುಳ್ಳಿ ಎರಡು, ಟೊಮೆಟೊ ಎರಡು, ಕ್ಯಾರೆಟ್ ಎರಡು, ಒಂದು ಹಿಡಿ ಕೊತ್ತಂಬರಿ ಸೊಪ್ಪು, ಒಂದು ನಿಂಬೆಹಣ್ಣು, ನಾಲ್ಕು ಚಮಚ ಕೊಬ್ಬರಿ ಎಣ್ಣೆ, ಖಾರದಪುಡಿ, ಉಪ್ಪು, ಎರಡು ಹಿಡಿ ಕಾಂಗ್ರೆಸ್ ಕಡ್ಲೆಬೀಜ. ಎಲ್ಲ ತೊಳೆದು ಊಟದ ಮೇಜಿನ ಮೇಲೆ ಇಟ್ಟಿರುತ್ತೇನೆ. ಎರಡು ಮಣೆ, ಎರಡು ಚಾಕು, ಒಂದು ತುರಿಯುವ ಮಣೆ, ಒಂದು ದೊಡ್ಡ ಬೇಸಿನ್. ಹೆಚ್ಚಿಡಬಾರದು. ಎಲ್ಲ ಹೆಚ್ಚಿಟ್ಟರೆ ಕೆಲಸವೇ ಉಳಿಯಲ್ಲ.

ಮೊದಲು ಬಂದವರು ನರ್ಸ್. ಎರಡನೆಯವನು ನನ್ನ ತಮ್ಮ. ನಾನು ಹೇಳಿದ್ದು ಇಷ್ಟೇ: "ಇವನು ನನ್ನ ತಮ್ಮ, ತಾರಸಿ ಮೇಲೆ ಕಾಳುಮೆಣಸಿನ ಬಳ್ಳಿ ಹಬ್ಬಿಸೋಕೆ ಎರಡು ವರ್ಷದಿಂದ ಒದ್ದಾಡ್ತಿದ್ದಾನೆ. ಇವರ ಬಾಲ್ಕನೀಲಿ ಅದು ಗ್ರಿಲ್ ಮೇಲೆಲ್ಲ ಹತ್ತಿಬಿಟ್ಟಿದೆ. ನೀನು ಕ್ಯಾರೆಟ್ ತುರಿ, ಅವರು ಈರುಳ್ಳಿ ಹೆಚ್ತಾರೆ." ಅಷ್ಟು ಹೇಳಿ ನೀರು ತರೋಕೆ ಒಳಗೆ ಹೋದೆ. ಪರಿಚಯ ಮಾಡಿಸಿದ ತಕ್ಷಣ ಅಲ್ಲೇ ನಿಂತಿರಬಾರದು. ನೀವು ಇದ್ದರೆ ಇಬ್ಬರೂ ನಿಮ್ಮ ಮುಖ ನೋಡಿಕೊಂಡೇ ಮಾತಾಡುತ್ತಾರೆ. ಒಂದು ನಿಮಿಷ ಸರಿದರೆ ಒಬ್ಬರನ್ನೊಬ್ಬರು ನೋಡುತ್ತಾರೆ.

ಪರಿಚಯ ಮಾಡಿಸುವಾಗ ಹುದ್ದೆ ಹೇಳಬೇಡಿ. "ಇವರು ಬ್ಯಾಂಕ್ ಮ್ಯಾನೇಜರ್" ಅಂದರೆ ಮುಂದಿನ ಪ್ರಶ್ನೆ ಯಾವ ಬ್ರಾಂಚ್, ಅದರ ಮುಂದಿನದು ಹೋಮ್ ಲೋನ್ ಬಡ್ಡಿ. "ಇವರು ದಿನಾ ಆರು ಗಂಟೆಗೆ ಕೆರೆ ಹತ್ತಿರ ಇರ್ತಾರೆ, ಅಲ್ಲಿನ ಹಕ್ಕಿಗಳ ಲೆಕ್ಕ ಇವರ ಹತ್ತಿರ ಇದೆ" ಅಂದರೆ ಕೇಳುವವರಿಗೆ ಏನಾದರೂ ಕೇಳೋಕೆ ಇರುತ್ತದೆ.

ತಡವಾಗಿ ಬರುವವರಿಗೆ ಕಾಯುತ್ತಾ ಎಲ್ಲರನ್ನೂ ಹಸಿವಿನಲ್ಲಿ ಕೂರಿಸಬೇಡಿ. ಹಸಿದವರು ಮಾತಾಡಲ್ಲ. ಅರ್ಧಕ್ಕಿಂತ ಹೆಚ್ಚು ಜನ ಬಂದ ತಕ್ಷಣ ಮೊದಲ ಬೇಸಿನ್ ಕಲಸಿಬಿಡಿ, ಸ್ವಲ್ಪ ಸಾಮಾನು ಉಳಿಸಿಕೊಂಡಿರಿ, ತಡವಾಗಿ ಬಂದವರಿಗೆ ಮತ್ತೊಂದು ಸಲ ಕಲಸೋಕೆ. ಅದನ್ನು ಕಲಸುವ ಕೆಲಸ ಸಂಕೋಚದವರಿಗೆ ಕೊಡಿ. ಫೋಟೋ ಹುಡುಗ ಎರಡನೇ ಬೇಸಿನ್ ಕಲಸಿ ಎಲ್ಲರ ಕೈಗೂ ಪೊಟ್ಟಣ ಕೊಟ್ಟ. ಹಾಗೆ ಕೊಡುತ್ತಾ ಪ್ರತಿಯೊಬ್ಬರ ಹತ್ತಿರವೂ ಒಂದೊಂದು ಮಾತು ಆಡಿದ್ದಾಯಿತು. ಖಾರ ಸಾಕಾ, ನಿಂಬೆಹಣ್ಣು ಬೇಕಾ, ಅಷ್ಟೇ. ಅವನಿಗೆ ಅದು ಸಾಕಾಗಿತ್ತು.

ಎಲ್ಲಿ ಕೂರಿಸೋದು

ಇದಕ್ಕೆ ಜನ ತಲೆ ಕೆಡಿಸಿಕೊಳ್ಳಲ್ಲ, ಆದರೆ ನನ್ನ ಅನುಭವದಲ್ಲಿ ಪಟ್ಟಿ ಬಿಟ್ಟರೆ ಇದೇ ಮುಖ್ಯ. ನಮ್ಮ ಪಂಕ್ತಿ ಊಟದಲ್ಲಿ ಎಲ್ಲರೂ ಸಾಲಾಗಿ ಒಂದೇ ಕಡೆ ಮುಖ ಮಾಡಿ ಕೂರುತ್ತಾರೆ. ಬಡಿಸೋಕೆ ಅದು ಅತ್ಯುತ್ತಮ, ನೂರು ಜನಕ್ಕೂ ನಡೆಯುತ್ತದೆ. ಮಾತಿಗೆ ಅಲ್ಲ. ಬಫೆಯಲ್ಲಿ ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ತುತ್ತು, ಪರಿಚಯ ಇರುವವರನ್ನು ಹುಡುಕಿಕೊಂಡು ಹೋಗಿ ನಿಲ್ಲುತ್ತೇವೆ. ಎಂಟು ಜನಕ್ಕೆ ಮೇಜು ಬೇಕು, ಇಲ್ಲದಿದ್ದರೆ ಚಾಪೆ ಹಾಸಿ ದುಂಡಗೆ ಕೂತು ನಡುವೆ ಪಾತ್ರೆ ಇಟ್ಟುಕೊಳ್ಳಬೇಕು. ಮಂಡಿ ನೋವಿನವರು ಇದ್ದಾರಾ ಅಂತ ಮೊದಲೇ ತಿಳಿದುಕೊಳ್ಳಿ. ಒಬ್ಬರು ಕುರ್ಚಿ ಮೇಲೆ, ಏಳು ಜನ ಕೆಳಗೆ ಕೂತರೆ ಆ ಒಬ್ಬರು ಊಟದಿಂದ ಹೊರಗೇ ಉಳಿಯುತ್ತಾರೆ.

ಮೇಜಿನ ವಿಷಯದಲ್ಲಿ ಒಂದು ಹಳೇ ಗಮನಿಕೆ ನನಗೆ ತುಂಬಾ ಉಪಯೋಗಕ್ಕೆ ಬಂದಿದೆ. 1950ರ ದಶಕದಲ್ಲಿ ಕೆನಡಾದ ಸಸ್ಕಾಚೆವಾನ್‌ನ ಒಂದು ಆಸ್ಪತ್ರೆಯಲ್ಲಿ ಹಂಫ್ರಿ ಆಸ್ಮಂಡ್ ಅನ್ನುವ ವೈದ್ಯರೂ ರಾಬರ್ಟ್ ಸಾಮರ್ ಅನ್ನುವ ಮನಶ್ಶಾಸ್ತ್ರಜ್ಞರೂ ಇದ್ದರು. ಆರು ಅಡಿ ಉದ್ದ, ಮೂರು ಅಡಿ ಅಗಲದ ಮೇಜಿನ ಸುತ್ತ ಕೂತವರಲ್ಲಿ ಯಾರು ಯಾರ ಜೊತೆ ಮಾತಾಡುತ್ತಾರೆ ಅಂತ ಸಾಮರ್ ಎಣಿಸಿದರು. ಮೂಲೆಯ ಆಚೆ ಈಚೆ ಕೂತವರ ನಡುವೆ ಎಲ್ಲಕ್ಕಿಂತ ಜಾಸ್ತಿ ಮಾತು. ಪಕ್ಕಪಕ್ಕ ಕೂತವರಿಗಿಂತ ಎರಡು ಪಟ್ಟು. ಎದುರುಬದುರು ಕೂತವರ ಮಾತು ಪಕ್ಕಪಕ್ಕದವರ ಮೂರರಲ್ಲಿ ಒಂದು ಪಾಲು. ಯೋಚಿಸಿದರೆ ಗೊತ್ತಾಗುತ್ತದೆ. ಮೂಲೆಯಲ್ಲಿ ಹತ್ತಿರ ಇರುತ್ತೇವೆ, ಮುಖ ಕಾಣುತ್ತದೆ, ಬೇಡ ಅನ್ನಿಸಿದರೆ ಕಣ್ಣು ಬೇರೆ ಕಡೆ ಹೊರಳಿಸಬಹುದು.

ನಮ್ಮ ಮೇಜೂ ಹೆಚ್ಚುಕಮ್ಮಿ ಅದೇ ಅಳತೆ. ಉದ್ದದ ಎರಡು ಬದಿಗೆ ಮೂರು ಮೂರು ಜನ, ತುದಿಗೆ ಒಬ್ಬೊಬ್ಬರು. ತುದಿಯಲ್ಲಿ ಕೂತವರಿಗೆ ಎರಡು ಮೂಲೆ ಸಿಗುತ್ತದೆ, ಅಂದರೆ ಮಾತಿಗೆ ಅತ್ಯಂತ ಒಳ್ಳೆಯ ಜಾಗ ಅದು. ಸಾಮಾನ್ಯವಾಗಿ ಮನೆ ಯಜಮಾನರು ಅಲ್ಲಿ ಕೂತುಬಿಡುತ್ತಾರೆ. ಅದು ತಪ್ಪು. ಆ ಎರಡು ಜಾಗ ಮಾತಿಗೆ ಕಷ್ಟ ಪಡುವವರಿಗೆ ಕೊಡಿ. ಒಂದು ತುದಿಗೆ ಮೇಷ್ಟ್ರು, ಇನ್ನೊಂದು ತುದಿಗೆ ನರ್ಸ್.

ಮೇಷ್ಟ್ರಿಗೆ ಎಡಗಿವಿ ಸ್ವಲ್ಪ ಮಂದ. ಹಾಗಾಗಿ ಎಡ ಮೂಲೆಗೆ ಜೋರು ಗಂಟಲಿನ ನನ್ನ ತಮ್ಮ, ಬಲ ಮೂಲೆಗೆ ಮೆಲ್ಲಗೆ ಮಾತಾಡುವ ಫೋಟೋ ಹುಡುಗ. ಹುಡುಗನ ಇನ್ನೊಂದು ಪಕ್ಕಕ್ಕೆ ಬ್ಯಾಂಕಿನವರು, ಅವರ ಆಚೆ ನನ್ನ ಗಂಡ. ಈ ಬದಿಯಲ್ಲಿ ತಮ್ಮ, ನಾನು, ಆಮೇಲೆ ಸಹೋದ್ಯೋಗಿ. ಅವಳು ನರ್ಸ್‌ಗೆ ಮೂಲೆಯಲ್ಲಿ. ಗಂಡ ಹೆಂಡತಿಯನ್ನು ಪಕ್ಕಪಕ್ಕ ಕೂರಿಸಿಲ್ಲ ನೋಡಿ. ಒಬ್ಬರಿಗೊಬ್ಬರು ಕಾಣುವ ಹಾಗೆ ಓರೆಯಾಗಿ ಕೂರಿಸಿದರೆ ಸಾಕು. ಪಕ್ಕದಲ್ಲಿದ್ದರೆ ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಿದ್ದುತ್ತಾ ಕೂರುತ್ತಾರೆ, ಇಲ್ಲವೇ ಮಾತೆಲ್ಲ ಒಬ್ಬರಿಗೇ ಬಿಡುತ್ತಾರೆ.

ಹೆಸರಿನ ಚೀಟಿ ಬೇಡ, ನಮ್ಮ ಮನೆಗಳಲ್ಲಿ ಅದು ಅಸಹಜ. ಎಲ್ಲರೂ ಎದ್ದ ತಕ್ಷಣ ಬಾಯಲ್ಲೇ ಹೇಳಿ: "ಮೇಷ್ಟ್ರೇ, ನೀವು ಈ ತುದಿಗೆ ಬನ್ನಿ, ಫ್ಯಾನ್ ಗಾಳಿ ಚೆನ್ನಾಗಿ ಬರುತ್ತೆ." ತಡ ಮಾಡಿದರೆ ಗಂಡಸರೆಲ್ಲ ಒಂದು ಕಡೆ, ಹೆಂಗಸರೆಲ್ಲ ಒಂದು ಕಡೆ ಕೂತಾಗಿರುತ್ತದೆ. ಆಮೇಲೆ ಎಬ್ಬಿಸೋಕೆ ಆಗಲ್ಲ.

ಟಿವಿ ಆಫ್ ಮಾಡಿ, ಮ್ಯೂಟ್ ಅಲ್ಲ. ಚಿತ್ರ ಓಡುತ್ತಿದ್ದರೆ ಕಣ್ಣು ಅಲ್ಲಿಗೇ ಹೋಗುತ್ತದೆ. ಹಾಡೂ ಬೇಡ, ಕಿವಿ ಮಂದ ಇರುವವರಿಗೆ ಅದು ಶಿಕ್ಷೆ. ಕುಕ್ಕರ್ ಕೂಗೋದು, ಮಿಕ್ಸಿ ಹಾಕೋದು ಎಲ್ಲ ಆರೂವರೆಗೆ ಮುಗಿದಿರಲಿ.

ಊಟದ ನಡುವೆ

ಪಾತ್ರೆಗಳನ್ನು ಮೇಜಿನ ಮೇಲೇ ಇಡಿ, ನೀವು ಸುತ್ತುತ್ತಾ ಬಡಿಸಬೇಡಿ. ಚಟ್ನಿಪುಡಿ ಒಂದು ತುದಿಯಲ್ಲಿ, ಮೊಸರು ಇನ್ನೊಂದು ತುದಿಯಲ್ಲಿ ಇಟ್ಟರೆ ಕೈಯಿಂದ ಕೈಗೆ ದಾಟಲೇಬೇಕು. "ಸ್ವಲ್ಪ ಮೊಸರು ಕೊಡ್ತೀರಾ" ಅನ್ನುವುದೇ ಎಷ್ಟೋ ಸಲ ಇಬ್ಬರ ನಡುವಿನ ಮೊದಲ ಮಾತು. ಮೊದಲ ಸಲ ಮಾತ್ರ ಎಲ್ಲರಿಗೂ ನಾನೇ ರೊಟ್ಟಿ ಹಾಕುತ್ತೇನೆ. ಇಲ್ಲಾಂದ್ರೆ ಸಂಕೋಚಕ್ಕೆ ಯಾರೂ ಶುರು ಮಾಡಲ್ಲ.

ಎಲ್ಲರೂ ಒಟ್ಟಿಗೆ ಒಂದೇ ಮಾತು ಆಡಬೇಕು ಅಂತ ಹಠ ಬೇಡ. ಎರಡು ಗುಂಪಾಗುತ್ತದೆ, ಆಗಲಿ. ಒಂದೆರಡು ಸಲ ಮಾತ್ರ ಇಡೀ ಮೇಜಿಗೆ ಸಲ್ಲುವ ಒಂದು ಪ್ರಶ್ನೆ ಬಿಡುತ್ತೇನೆ. ಒಳ್ಳೆಯ ಪ್ರಶ್ನೆ ಯಾವುದು ಅಂದರೆ ಎಲ್ಲರಿಗೂ ಉತ್ತರ ಗೊತ್ತಿರಬೇಕು, ಯಾರದೂ ತಪ್ಪಾಗಬಾರದು, ಒಬ್ಬರ ಉತ್ತರ ಇನ್ನೊಬ್ಬರದಕ್ಕಿಂತ ಬೇರೆ ಇರಬೇಕು. ಅವತ್ತು ಕೇಳಿದ್ದು ಬದನೆಕಾಯಿ ಬಗ್ಗೆ: "ನಿಮ್ಮ ಕಡೆ ಎಂಥ ಬದನೆಕಾಯಿ ಬರುತ್ತೆ, ಅದಕ್ಕೆ ಏನು ಮಾಡ್ತೀರಿ?" ಉಡುಪಿಯವಳು ಮಟ್ಟು ಗುಳ್ಳದ ಪರ ನಿಂತಳು, ಆ ಊರಿನ ಗದ್ದೆ ಬಿಟ್ಟು ಬೇರೆ ಕಡೆ ಬೆಳೆದರೆ ಆ ರುಚಿ ಇಲ್ಲ ಅಂದಳು. ನನ್ನ ತಮ್ಮ ಮೈಸೂರಿನ ಈರನಗೆರೆ ಬದನೆ ಬಿಟ್ಟುಕೊಡಲಿಲ್ಲ. ಎರಡಕ್ಕೂ ಜಿಐ ಮಾನ್ಯತೆ ಇದೆ ಅಂತ ಬ್ಯಾಂಕಿನವರು ಸೇರಿಸಿದರು. ಮೇಷ್ಟ್ರು ಹಸಿರು ಮುಳ್ಳುಗಾಯಿಯ ರುಚಿ ವರ್ಣಿಸಿದರು. ನರ್ಸ್ ತಮ್ಮ ಮನೆಯ ತೆಂಗಿನಕಾಯಿ ಹಾಕಿದ ಪಲ್ಯದ ಬಗ್ಗೆ ಹೇಳುವಾಗ ಒಂದು ಕನ್ನಡ ಪದ ಸಿಗಲಿಲ್ಲ, ಮೂರು ಜನ ಮೂರು ಪದ ಕೊಟ್ಟರು.

ಕೇಳಬಾರದ್ದು ಯಾವುದು ಅಂತಲೂ ಹೇಳಬೇಕು. ಮದುವೆ ಆಯ್ತಾ, ಮಕ್ಕಳೆಷ್ಟು, ಮನೆ ಸ್ವಂತದ್ದಾ, ಸಂಬಳ ಎಷ್ಟು. ಇವು ಬೇಡ ಅಂತ ಈಗ ಸುಮಾರು ಜನಕ್ಕೆ ಗೊತ್ತು. ಗೊತ್ತಿಲ್ಲದ ಹಾಗೆ ಜಾರುವುದು "ನಿಮ್ಮದು ಯಾವ ಊರು" ಅನ್ನುವಲ್ಲಿ. ಊರು ಕೇಳೋದು ಚೆಂದ, ಆದರೆ ಅದರ ಬೆನ್ನಿಗೇ "ಅಲ್ಲಿ ಯಾರ ಪೈಕಿ", "ಮನೆದೇವರು ಯಾವುದು" ಬಂದರೆ ಅದು ಜಾತಿ ಕೇಳುವ ಸುತ್ತುದಾರಿ. ಕೇಳಿಸಿಕೊಂಡವರು ಒಳಗೇ ಮುದುಡಿಕೊಳ್ಳುತ್ತಾರೆ. ಹಾಗೆ ಯಾರಾದರೂ ಶುರು ಮಾಡಿದರೆ ಉತ್ತರ ಬರುವ ಮುಂಚೆಯೇ ನಾನು ನಡುವೆ ಬರುತ್ತೇನೆ: "ಅದಿರ್ಲಿ ಅಣ್ಣ, ಇವರ ಊರಿನ ಕೆರೆ ಬಗ್ಗೆ ಕೇಳಿ ಮೊದಲು." ಮಾತು ಕತ್ತರಿಸಿದ್ದಕ್ಕೆ ಒಬ್ಬರಿಗೆ ಬೇಜಾರಾದರೂ ಪರವಾಗಿಲ್ಲ, ಇನ್ನೊಬ್ಬರನ್ನು ಆ ಪ್ರಶ್ನೆಯ ಮುಂದೆ ಬಿಡಬಾರದು.

ಮಾತು ಒಬ್ಬರ ಕೈಗೇ ಹೋದಾಗ ಹೇಗೆ ಗೊತ್ತಾಗುತ್ತದೆ? ಉಳಿದವರ ತಟ್ಟೆ ಬೇಗ ಖಾಲಿಯಾಗುತ್ತದೆ. ಮಾತಾಡುವವರ ತಟ್ಟೆ ಹಾಗೇ ತುಂಬಿರುತ್ತದೆ. ನನ್ನ ತಮ್ಮ ಗೊಬ್ಬರದ ವಿಷಯ ಹಿಡಿದುಕೊಂಡು ಐದು ನಿಮಿಷ ಬಿಡಲಿಲ್ಲ. ಆಗ "ಸಾಕು ಮಾರಾಯ" ಅಂದರೆ ಅವನಿಗೆ ಅವಮಾನ. ಬದಲಿಗೆ ಅವನ ಮಾತಿನಿಂದಲೇ ಒಂದು ತುಂಡು ತೆಗೆದು ಇನ್ನೊಬ್ಬರಿಗೆ ಕೊಟ್ಟೆ: "ಸಗಣಿ ಗೊಬ್ಬರ ಅಂದ್ಯಲ್ಲ, ಮೇಷ್ಟ್ರೇ, ನಿಮ್ಮ ಹೊಲಕ್ಕೆ ಏನು ಹಾಕ್ತಿದ್ರಿ?" ಪ್ರಶ್ನೆ ಕೇಳುವಾಗ ನಿಮ್ಮ ಮುಖವೂ ಅವರ ಕಡೆ ತಿರುಗಬೇಕು, ಉಳಿದವರ ಮುಖ ತಾನಾಗಿ ತಿರುಗುತ್ತದೆ.

ಭಾಷೆ ಬಗ್ಗೆ ಒಂದು ಮಾತು. ಒಬ್ಬರ ಕನ್ನಡ ನಿಧಾನ ಅಂತ ಗೊತ್ತಾದ ತಕ್ಷಣ ಇಡೀ ಮೇಜು ಇಂಗ್ಲಿಷಿಗೆ ಹಾರುತ್ತದೆ. ಉಪಕಾರ ಅಂತಲೇ ಮಾಡುತ್ತಾರೆ. ಆದರೆ ಆಗ ಮೇಷ್ಟ್ರು ಹೊರಗುಳಿಯುತ್ತಾರೆ, ನರ್ಸ್‌ಗೂ ತನ್ನಿಂದಲೇ ಹೀಗಾಯಿತು ಅನ್ನಿಸುತ್ತದೆ. ನಾನು ಮೊದಲೇ ಅವರನ್ನು ಕೇಳಿದ್ದೆ. "ಕನ್ನಡದಲ್ಲೇ ಮಾತಾಡಿ ಅಕ್ಕ, ಸ್ವಲ್ಪ ನಿಧಾನ" ಅಂದಿದ್ದರು. ಹಾಗಾಗಿ ನಾನು ಕನ್ನಡ ಬಿಡಲಿಲ್ಲ, ಉಳಿದವರೂ ಬಿಡಲಿಲ್ಲ.

ಮೌನ ಬಂದರೆ ಹೆದರಬೇಡಿ. ಬಿಸಿ ಸಾರನ್ನ ಬಂದಾಗ ಎಲ್ಲರೂ ಸುಮ್ಮನಾಗುತ್ತಾರೆ, ಅದು ಊಟದ ಮೌನ. ಕೆಟ್ಟ ಮೌನದಲ್ಲಿ ಕಣ್ಣುಗಳು ಫೋನ್ ಕಡೆ, ಗಡಿಯಾರದ ಕಡೆ ಹೋಗುತ್ತವೆ. ಒಬ್ಬರು ಎರಡನೇ ಸಲ ಫೋನ್ ತೆಗೆದರು ಅಂದರೆ ಅವರಿಗೆ ಒಂದು ಕೆಲಸ ಕೊಡಿ. ನೀರು ತುಂಬಿಸೋದು, ಅನ್ನದ ಪಾತ್ರೆ ತರೋದು, ಏನಾದರೂ.

ಪಾಯಸಕ್ಕೆ ಜಾಗ ಬದಲು

ಊಟ ಮುಗಿದ ಮೇಲೆ ಅಲ್ಲೇ ಪಾಯಸ ಕೊಟ್ಟರೆ ಎಲ್ಲರೂ ಕಡೆಯವರೆಗೂ ಅದೇ ಇಬ್ಬರ ಪಕ್ಕದಲ್ಲೇ ಉಳಿಯುತ್ತಾರೆ. ಮೇಜಿನ ಈ ತುದಿಯವರಿಗೆ ಆ ತುದಿಯವರ ಪರಿಚಯವೇ ಆಗಿರಲ್ಲ. ಕೈ ತೊಳೆಯೋಕೆ ಎಲ್ಲರೂ ಏಳುತ್ತಾರಲ್ಲ, ನಮ್ಮ ಕೈ ಊಟದ ದೊಡ್ಡ ಅನುಕೂಲ ಇದು, ಆ ಹೊತ್ತನ್ನೇ ಬಳಸಿಕೊಳ್ಳಿ. ಪಾಯಸ ಹಾಲ್‌ನಲ್ಲಿ ಇಟ್ಟಿರುತ್ತೇನೆ, ಲೋಟಕ್ಕೆ ಹಾಕಿ, ಚಾಪೆಯ ಮೇಲೆ. ಶಾವಿಗೆ ಪಾಯಸ ಇಟ್ಟಷ್ಟೂ ಗಟ್ಟಿಯಾಗುತ್ತದೆ, ಅರ್ಧ ಲೀಟರ್ ಬಿಸಿ ಹಾಲು ಬೇರೆ ಇಟ್ಟುಕೊಂಡು ಹಾಕುವ ಮುಂಚೆ ಬೆರೆಸಿ.

ಈಗ ಜಾಗ ಹೇಳಬೇಕಾಗಿಲ್ಲ, ಇಬ್ಬರನ್ನು ಮಾತ್ರ ಸ್ವಲ್ಪ ತಳ್ಳಿದರೆ ಸಾಕು. ಮೇಜಿನ ಎರಡು ತುದಿಯಲ್ಲಿದ್ದ ಮೇಷ್ಟ್ರು ಮತ್ತು ನರ್ಸ್ ಒಂದೇ ಸೋಫಾಕ್ಕೆ ಬಂದರು. ನರ್ಸ್ ಬಲಗಡೆ ಕೂರುವ ಹಾಗೆ ನೋಡಿಕೊಂಡೆ. ಸಹೋದ್ಯೋಗಿ ಫೋಟೋ ಹುಡುಗನ ಫೋನಿನಲ್ಲಿ ಹಕ್ಕಿ ಫೋಟೋ ನೋಡುತ್ತಿದ್ದಳು. ಆ ನೀಲಿ ಹಕ್ಕಿ ನೀಲಿ ಜಂಬುಕೋಳಿ ಅಂತ ಆಗಲೇ ತೀರ್ಮಾನ ಆಗಿತ್ತು.

ಒಂಬತ್ತೂಮುಕ್ಕಾಲಿಗೆ ಕಾಫಿ ಬೇಕಾ ಮಜ್ಜಿಗೆ ಬೇಕಾ ಅಂತ ಕೇಳಿ. ಹೊರಡಬೇಕಾದವರಿಗೆ ಅದೇ ಸೂಚನೆ. ಒಬ್ಬರು ಎದ್ದರೆ ಎಲ್ಲರೂ ಏಳುತ್ತಾರೆ, ಅದು ಸಹಜ, ಹಿಡಿದು ಕೂರಿಸಬೇಡಿ. ಒಂದೇ ದಿಕ್ಕಿಗೆ ಹೋಗುವವರು ಯಾರು ಅಂತ ಮೊದಲೇ ನೋಡಿಕೊಂಡಿದ್ದರೆ "ನೀವು ಆ ಕಡೆಗೇ ಅಲ್ವಾ, ಇವರನ್ನ ಜೊತೆಗೆ ಬಿಡ್ತೀರಾ" ಅಂತ ಕೇಳಬಹುದು. ಆದರೆ ಒಂಟಿಯಾಗಿ ಬಂದ ಹೆಂಗಸರ ವಿಷಯದಲ್ಲಿ ಮೊದಲು ಅವರನ್ನೇ ಪಕ್ಕಕ್ಕೆ ಕರೆದು ಕೇಳಿ, ಎಲ್ಲರ ಮುಂದೆ ಕೇಳಿದರೆ ಬೇಡ ಅನ್ನೋಕೆ ಆಗಲ್ಲ.

ಮಾರನೇ ದಿನ ಒಂದು ಕೆಲಸ ಬಾಕಿ ಇರುತ್ತದೆ. ಯಾರು ಯಾರ ನಂಬರ್ ಕೇಳುತ್ತಾರೋ ಅದನ್ನು ಆಚೆಯವರನ್ನು ಕೇಳಿಯೇ ಕೊಡಬೇಕು. ಭಾನುವಾರ ಮಧ್ಯಾಹ್ನ ತಮ್ಮ ನರ್ಸ್ ನಂಬರ್ ಕೇಳಿದ, ಕಾಳುಮೆಣಸಿನ ಬಳ್ಳಿಗೆ. ಅವರನ್ನು ಕೇಳಿದೆ. "ಕೊಡಿ ಅಕ್ಕ, ಆದ್ರೆ ಮಳೆ ಶುರು ಆಗ್ಲಿ ಅಂತ ಹೇಳಿ, ಈಗ ಕಡ್ಡಿ ನೆಟ್ರೆ ಹಿಡಿಯಲ್ಲ" ಅಂದರು.